ಹನ್ನೊಂದೂಮುಕ್ಕಾಲರ ವಿರಹ

ರಾತ್ರಿ ಹನ್ನೊಂದೂಮುಕ್ಕಾಲಿಗೆ ‘ಊಟ ಆಯ್ತಾ?’ ಎಂದು ಮೆಸೇಜು ಕಳಿಸುವ ಗಂಡಸಿನ ಬಗ್ಗೆ ನನಗೆ ಮೊದಲಿನಿಂದಲೂ ಅನುಮಾನ. ಆ ಹೊತ್ತಿನಲ್ಲಿ ಊಟ ಆಗದೆ ಕೂತಿರುವವರು ಯಾರು ಸ್ವಾಮಿ? ಊಟ ಆಗಿ, ಪಾತ್ರೆ ತೊಳೆದು, ಹಾಲಿಗೆ ಹೆಪ್ಪು ಹಾಕಿ, ಸಿಲಿಂಡರ್ ಆಫ್ ಮಾಡಿದ್ದೀನೋ ಇಲ್ಲವೋ ಎಂದು ಎದ್ದು ಹೋಗಿ ನೋಡಿ ಬಂದು, ಒಂದು ಜೊಂಪು ನಿದ್ದೆಯೂ ಮುಗಿದಿರುತ್ತದೆ. ಇದೇ ಪ್ರಶ್ನೆಯನ್ನು ಮಧ್ಯಾಹ್ನ ಒಂದೂವರೆಗೆ ಕೇಳಿದರೆ ಕಾಳಜಿ ಅನ್ನೋಣ. ರಾತ್ರಿ ಒಂಬತ್ತಕ್ಕೆ ಕೇಳಿದರೆ ಮರ್ಯಾದೆ ಅನ್ನೋಣ. ಹನ್ನೊಂದೂಮುಕ್ಕಾಲಿಗೆ ಕೇಳಿದರೆ ಅದು ಊಟದ ವಿಚಾರ ಅಂತೂ ಅಲ್ಲ.

ಈ ಜಾತಿಯವರು ಹಗಲಲ್ಲಿ ಕಾಣಿಸುವುದಿಲ್ಲ. ಬೆಳಗ್ಗೆ ನೀವು ಹಾಕಿದ ‘ಗುಡ್ ಮಾರ್ನಿಂಗ್’ ಅಲ್ಲೇ ಒಣಗುತ್ತಿರುತ್ತದೆ. ಮಧ್ಯಾಹ್ನ ಏನಾದರೂ ಕೇಳಿದರೆ ಎರಡು ನೀಲಿ ಟಿಕ್ಕು ಬೀಳುತ್ತವೆ, ಉತ್ತರ ಬೀಳುವುದಿಲ್ಲ. ಸಂಜೆ ಸ್ಟೇಟಸ್ಸಿನಲ್ಲಿ ಗೆಳೆಯರ ಜೊತೆ ಬಿರಿಯಾನಿ ತಟ್ಟೆ. ರಾತ್ರಿ ಹನ್ನೊಂದು ಹೊಡೆದು ಊರೆಲ್ಲ ಮಲಗಿತು ಅನ್ನುವಾಗ, ಫೋನು ಒಮ್ಮೆ ಮಿಣುಕುತ್ತದೆ. ‘ಹಾಯ್’. ಎರಡು ನಿಮಿಷ ಬಿಟ್ಟು ‘ಮಲಗಿದ್ಯಾ?’ ಇದಕ್ಕಿಂತ ಚಂದದ ಪ್ರಶ್ನೆ ನಾನು ಕಂಡಿಲ್ಲ. ಮಲಗಿದ್ದರೆ ಉತ್ತರ ಹೇಳುವಂತಿಲ್ಲ, ಉತ್ತರ ಹೇಳಿದರೆ ಮಲಗಿಲ್ಲ ಅಂತ ಒಪ್ಪಿಕೊಂಡ ಹಾಗೆ.

ನಮ್ಮಣ್ಣನ ಮಗಳು ಬಿಟಿಎಂ ಲೇಔಟಿನ ಪೀಜಿಯಲ್ಲಿ ಇದ್ದುಕೊಂಡು ಕೆಲಸಕ್ಕೆ ಹೋಗುತ್ತಾಳೆ. ಪೀಜಿಯ ಸಾಂಬಾರಿನಿಂದ ತಪ್ಪಿಸಿಕೊಳ್ಳಲು ಭಾನುವಾರಗಳಲ್ಲಿ ನಮ್ಮ ಮನೆಗೆ ಬರುತ್ತಾಳೆ. ಅವಳಿಗೂ ಇಂಥ ಒಬ್ಬ ಗಂಟುಬಿದ್ದಿದ್ದ. ಹೆಸರು ಹೇಳಲಿಲ್ಲ, ನಾನೂ ಕೇಳಲಿಲ್ಲ. ನಾನೇ ‘ಹನ್ನೊಂದೂಮುಕ್ಕಾಲು’ ಎಂದು ಹೆಸರಿಟ್ಟೆ. ಆಫೀಸಿನ ಯಾವುದೋ ಟ್ರೈನಿಂಗಿನಲ್ಲಿ ಪರಿಚಯ, ಬೇರೆ ಬ್ರಾಂಚು, ಒಂದೆರಡು ಸಲ ಎಲ್ಲರ ಜೊತೆ ಸೇರಿ ಊಟಕ್ಕೆ ಹೋಗಿದ್ದಾರೆ. ಆಮೇಲೆ ಶುರುವಾದದ್ದು ಈ ರಾತ್ರಿಪಾಳಿ.

‘ಅತ್ತೆ, ಅವನಿಗೆ ನಾನು ಇಷ್ಟ ಅಂತೀರಾ, ಸುಮ್ಮನೆ ಟೈಮ್‌ಪಾಸಾ?’ ಎಂದು ಕೇಳಿದಳು. ನಾನು ಅವರೇಕಾಯಿ ಸುಲಿಯುತ್ತಿದ್ದೆ. ಅರ್ಧ ಕಾಯನ್ನು ಅವಳ ಮುಂದೆ ಸುರಿದು, ‘ಸುಲೀತಾ ಓದು, ನೋಡೋಣ’ ಅಂದೆ. ಓದಿದಳು. ನಾಚಿಕೆಯಾದ ಕಡೆ ಹಾರಿಸಿದಳು, ನಾನೂ ಕೆಮ್ಮಿ ಅವಕಾಶ ಕೊಟ್ಟೆ.

11:47, ಹಾಯ್. 11:49, ಮಲಗಿದ್ಯಾ. 11:50, ಇವಳದು, ‘ಇಲ್ಲ, ಹೇಳು’. (ಒಂದೇ ನಿಮಿಷದಲ್ಲಿ ಉತ್ತರ! ಇದನ್ನು ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ.) ಊಟ ಆಯ್ತಾ. ಆಯ್ತು, ನಿಂದು? ಆಯ್ತು. ಮತ್ತೆ? ಏನಿಲ್ಲ. ಹ್ಮ್ಮ್. ಮತ್ತೆ ಏನ್ ಸಮಾಚಾರ? ಇಷ್ಟು ಹೊತ್ತಿಗೆ 12:10. ‘ಇವತ್ತು ಯಾಕೋ ತುಂಬಾ ನೆನಪಾದೆ.’ ಒಂದು ಕೆಂಪು ಹೃದಯ. ಇವಳದು ಎರಡು. 12:31ಕ್ಕೆ ಇವಳು ತನ್ನ ಮ್ಯಾನೇಜರು ಕೂಗಾಡಿದ್ದರ ಬಗ್ಗೆ ಉದ್ದಕ್ಕೆ ಬರೆದಿದ್ದಾಳೆ, ಎಂಟು ಸಾಲು. ಅದಕ್ಕೆ ಉತ್ತರವಿಲ್ಲ. ಮಹಾಶಯನಿಗೆ ನಿದ್ದೆ ಬಂದಿದೆ. ಮುಂದಿನ ಮೆಸೇಜು ಮೂರು ದಿನ ಬಿಟ್ಟು, 11:52, ‘ಹಾಯ್’.

‘ಮೂರು ದಿನ ಆದಮೇಲೆ ಆ ಮ್ಯಾನೇಜರ್ ವಿಷಯ ಕೇಳಿದನೇನೇ?’

‘ಇಲ್ಲ.’

‘ನೀನು ಅಮ್ಮನ ಕಣ್ಣಿನ ಆಪರೇಷನ್ನಿಗೆ ಊರಿಗೆ ಹೋಗಿದ್ದೆಯಲ್ಲ, ಅದು ಅವನಿಗೆ ಗೊತ್ತಿತ್ತಾ?’

‘ಹೇಳಿದ್ದೆ. ಟೇಕ್ ಕೇರ್ ಅಂದ.’

‘ಆಮೇಲೆ?’

ಸ್ವಲ್ಪ ಹುಡುಕಿದಳು. ಆಮೇಲೆ ಬಂದ ಮೆಸೇಜು: ‘ಒಂದು ಫೋಟೋ ಕಳ್ಸು’. ನನಗೆ ಒಂದು ಕ್ಷಣ ಆಸೆಯಾಯಿತು, ಬಹುಶಃ ಅತ್ತಿಗೆಯ ಕಣ್ಣಿನ ಫೋಟೋ ಕೇಳಿರಬೇಕು ಅಂತ. ಅಲ್ಲವಂತೆ.

ಇಲ್ಲಿಗೇ ತೀರ್ಪು ಬರೆದು ಏಳಬಹುದಿತ್ತು. ಆದರೆ ಹುಡುಗಿ ಓದಿಕೊಂಡವಳು, ಸುಮ್ಮನೆ ಸೋಲುವುದಿಲ್ಲ. ‘ಅತ್ತೆ, ಹಗಲೆಲ್ಲ ಕೆಲಸದ ಒತ್ತಡ ಇರುತ್ತೆ. ರಾತ್ರಿ ಒಬ್ಬನೇ ಇದ್ದಾಗ ತಾನೇ ಮನಸ್ಸು ಬಿಚ್ಚೋದು? ರಾತ್ರಿ ನೆನಪಾದ್ರೆ ಅದು ಸುಳ್ಳಾ?’ ಅಂದಳು.

ವಾದ ಗಟ್ಟಿಯಾಗಿದೆ. ಅವಳಿಗೆ ಗೊತ್ತಿಲ್ಲದ ಸಂಗತಿ ಏನೆಂದರೆ, ಈ ವಾದಕ್ಕೆ ಕಾಳಿದಾಸನ ಸಾಕ್ಷಿಯೇ ಇದೆ. ಮೇಘದೂತದ ಯಕ್ಷ ಒಂದು ವರ್ಷದ ಶಾಪ ಹೊತ್ತು ರಾಮಗಿರಿಯಲ್ಲಿ ಕೂತಿದ್ದಾನೆ. ಆಷಾಢದ ಮೋಡ ಕಂಡು, ಅಳಕಾಪುರಿಯಲ್ಲಿರುವ ಹೆಂಡತಿಗೆ ಸುದ್ದಿ ಮುಟ್ಟಿಸು ಎಂದು ಅದನ್ನೇ ಬೇಡಿಕೊಳ್ಳುತ್ತಾನೆ. ಯಾವಾಗ ಮುಟ್ಟಿಸಬೇಕಂತೆ? ನಡುರಾತ್ರಿ. ಹಗಲಲ್ಲಿ ಅವಳಿಗೆ ಏನಾದರೂ ಕೈಗೆಲಸ ಇರುತ್ತದೆ, ಅಗಲಿಕೆ ಅಷ್ಟಾಗಿ ಕಾಡುವುದಿಲ್ಲ, ರಾತ್ರಿ ಮನಸ್ಸು ಹೊರಳಿಸಲು ಏನೂ ಇರುವುದಿಲ್ಲ, ಸಂಕಟ ಆಗ ಹೆಚ್ಚು. ಆದ್ದರಿಂದ ಆ ಹೊತ್ತಿಗೆ ಹೋಗಿ ಮಹಡಿಯ ಕಿಟಕಿಯಲ್ಲಿ ಕೂತು ಅವಳನ್ನು ನೋಡು ಎನ್ನುತ್ತಾನೆ ಯಕ್ಷ. ನಮ್ಮ ಹನ್ನೊಂದೂಮುಕ್ಕಾಲು ಹೇಳುವುದೂ ಇದನ್ನೇ ಅಲ್ಲವೇ?

ಇದನ್ನು ಹೇಳಿದ್ದೇ ತಡ ಹುಡುಗಿಯ ಮುಖ ಅರಳಿತು. ಅರ್ಧ ಕತೆ ಕೇಳಿ ಅರಳಿದರೆ ಹೀಗೇ. ಉಳಿದ ಅರ್ಧವನ್ನೂ ಹೇಳಿದೆ.

ಒಂದು, ಆ ಯಕ್ಷನಿಗೆ ರಾತ್ರಿ ಅವಳ ಸಂಕಟ ಹೆಚ್ಚು ಎಂಬ ಚಿಂತೆ. ತನಗೆ ನಿದ್ದೆ ಬರುತ್ತಿಲ್ಲ, ಯಾರಾದರೂ ಎದ್ದಿದ್ದಾರಾ ನೋಡು ಎಂದು ಅವನು ಮೋಡವನ್ನು ಅಟ್ಟಿದ್ದಲ್ಲ. ಎರಡು, ಅವನಿಗೆ ಮನೆಯ ಪ್ರತಿಯೊಂದೂ ನೆನಪಿದೆ. ತೋಟದ ಕೊಳದ ಪಚ್ಚೆಯ ಮೆಟ್ಟಿಲು, ಅವಳು ಮಗನಂತೆ ಸಾಕಿದ ಎಳೆಯ ಮಂದಾರ ಗಿಡ, ಪಂಜರದ ಸಾರಿಕೆ ಹಕ್ಕಿ ಎಲ್ಲವನ್ನೂ ಮೋಡದ ಮುಂದೆ ಬಿಡಿಸಿ ಹೇಳುತ್ತಾನೆ. ನಿನ್ನ ಹನ್ನೊಂದೂಮುಕ್ಕಾಲಿಗೆ ನಿನ್ನ ಮನೆಯಲ್ಲಿ ಗಿಡ ಇದೆಯೋ, ಹಕ್ಕಿ ಇದೆಯೋ, ಹೋಗಲಿ, ನಿಮ್ಮಮ್ಮನ ಯಾವ ಕಣ್ಣಿಗೆ ಆಪರೇಷನ್ ಆಯಿತು ಅಂತಾದರೂ ಗೊತ್ತಾ?

ಮೂರನೆಯದು ನನಗೆ ಬಲು ಇಷ್ಟವಾದದ್ದು. ಯಕ್ಷ ಮೋಡಕ್ಕೆ ಇನ್ನೊಂದು ತಾಕೀತು ಮಾಡುತ್ತಾನೆ. ನೀನು ಹೋದಾಗ ಅವಳಿಗೆ ಹೇಗೋ ನಿದ್ದೆ ಹತ್ತಿದ್ದರೆ, ಗುಡುಗಬೇಡ. ಒಂದು ಯಾಮ ಸುಮ್ಮನೆ ಪಕ್ಕದಲ್ಲಿ ಕೂತು ಕಾಯಿ. ಕನಸಿನಲ್ಲಾದರೂ ನನ್ನನ್ನು ಕಂಡಿರುತ್ತಾಳೆ, ಅದನ್ನು ಕೆಡಿಸಬೇಡ. ಒಂದು ಯಾಮ ಅಂದರೆ ಮೂರು ಗಂಟೆ! ಅಷ್ಟು ದೂರದಿಂದ ಬಂದ ಮೋಡ ಮೂರು ಗಂಟೆ ಬಾಯಿ ಮುಚ್ಚಿಕೊಂಡು ಕೂರಬೇಕಂತೆ. ಇವನೋ, ಎರಡು ನಿಮಿಷಕ್ಕೆ ‘ಮಲಗಿದ್ಯಾ’, ನಾಲ್ಕು ನಿಮಿಷಕ್ಕೆ ‘ಹಲೋ’, ಐದನೇ ನಿಮಿಷಕ್ಕೆ ಮೂರು ಪ್ರಶ್ನಾರ್ಥಕ ಚಿಹ್ನೆ. ಆರನೇ ನಿಮಿಷಕ್ಕೆ ‘ಓಕೆ ಬೈ’. ಆ ‘ಓಕೆ ಬೈ’ಯಲ್ಲಿ ಎಷ್ಟು ಸಿಟ್ಟು ನೋಡಿ! ಮಲಗಿದ್ದು ಇವಳ ಅಪರಾಧ.

ಇಷ್ಟಾದರೂ ರಾತ್ರಿ ಮೆಸೇಜು ಮಾಡುವವರನ್ನೆಲ್ಲ ಒಂದೇ ಸಾಲಿನಲ್ಲಿ ನಿಲ್ಲಿಸಬಾರದು. ಗಡಿಯಾರದ ಮೇಲೆ ಹೋದರೆ ಮೋಸ ಹೋಗುತ್ತೇವೆ. ಕ್ಯಾಲಿಫೋರ್ನಿಯಾದಲ್ಲಿರುವ ಹುಡುಗ ನಮಗೆ ನಡುರಾತ್ರಿ ‘ಊಟ ಆಯ್ತಾ’ ಎಂದು ಕೇಳಿದರೆ, ಬೇಸಿಗೆಯಲ್ಲಾದರೆ ಅಲ್ಲಿ ಬೆಳಗಿನ ಹನ್ನೊಂದೂವರೆ, ಅವನಿಗೆ ನಿಜವಾಗಿಯೂ ಹಸಿವಾಗುತ್ತಿರಬಹುದು. ದುಬೈಯಲ್ಲಿದ್ದವನಿಗೆ ಆಗಿನ್ನೂ ಹತ್ತೂವರೆ, ಕೆಲಸ ಮುಗಿಸಿ ಬಂದು ಚಪಾತಿ ಲಟ್ಟಿಸುತ್ತಿರುತ್ತಾನೆ. ಆಸ್ಪತ್ರೆಯಲ್ಲೋ ಕಾಲ್‌ಸೆಂಟರಿನಲ್ಲೋ ರಾತ್ರಿಪಾಳಿ ಮಾಡುವವರಿಗೆ ಹನ್ನೆರಡೂವರೆ ಅಂದರೆ ಟೀ ಹೊತ್ತು. ಇನ್ನು ಒಂದೇ ಕೋಣೆಯ ಮನೆಯಲ್ಲಿ ಅಪ್ಪ, ಅಮ್ಮ, ಅಜ್ಜಿ, ತಂಗಿಯರ ಜೊತೆ ಇರುವ ಹುಡುಗನಿಗೆ, ಎಲ್ಲರ ಗೊರಕೆ ಒಂದು ಲಯಕ್ಕೆ ಬರುವವರೆಗೂ ಫೋನು ಕೈಗೆತ್ತಿಕೊಳ್ಳುವ ಧೈರ್ಯ ಬರುವುದಿಲ್ಲ. ಹುಡುಗಿಯರಿಗೆ ಈ ಕಷ್ಟ ಇನ್ನೂ ಒಂದು ಕೈ ಹೆಚ್ಚು. ಇವರೆಲ್ಲ ರಾತ್ರಿ ಮಾತಾಡುತ್ತಾರೆ, ಬೇರೆ ಹೊತ್ತಿಲ್ಲ ಅಂತ. ಆ ಮಾತನ್ನು ಅವರೇ ಮೊದಲಿಗೆ ಹೇಳಿಬಿಡುತ್ತಾರೆ, ‘ನಂಗೆ ಈ ಟೈಮಲ್ಲೇ ಆಗೋದು, ನಿಂಗೆ ತೊಂದ್ರೆನಾ?’ ಅಂತ. ಹನ್ನೊಂದೂಮುಕ್ಕಾಲಿಗೆ ಇಂಥ ಯಾವ ಅಡಚಣೆಯೂ ಇರಲಿಲ್ಲ. ಹಗಲುಪಾಳಿ, ಸ್ವಂತ ಕೋಣೆ, ಕೈತುಂಬ ಡೇಟಾ.

ನಮ್ಮ ಬೀದಿಯಲ್ಲೇ ಒಬ್ಬಾಕೆಯ ಗಂಡ ಬೆಂಗಳೂರು–ಹುಬ್ಬಳ್ಳಿ ರಾತ್ರಿ ಬಸ್ಸಿನ ಡ್ರೈವರು. ನಡುರಾತ್ರಿ ಕಳೆದು ಬಸ್ಸು ಟೀಗೆ ನಿಂತಾಗ ಹೆಂಡತಿಗೆ ಒಂದು ಸಾಲು ಬರುತ್ತದೆ. ‘ಹಿರಿಯೂರಿಗೆ ಬಂದೆ. ನೀರು ಬಂದ್ರೆ ಸಂಪು ತುಂಬಿಸು.’ ಆಕೆ ಅದನ್ನು ಓದುವುದು ಬೆಳಗ್ಗೆ ಹಾಲು ತರಲು ಎದ್ದಾಗ. ಅವನಿಗೂ ಅದು ಗೊತ್ತು. ಅವಳು ಎದ್ದಿದ್ದಾಳಾ ಎಂದು ಅವನು ಯಾವತ್ತೂ ಕೇಳಿದವನಲ್ಲ. ಆ ಸಾಲಿನಲ್ಲಿ ಹೃದಯವಿಲ್ಲ, ಹೂವಿಲ್ಲ, ಸಂಪು ಇದೆ. ನನ್ನನ್ನು ಕೇಳಿದರೆ ಕಾಳಿದಾಸನ ಮೋಡದ ಮಾತು ಅರ್ಥವಾದದ್ದು ಇವನಿಗೆ.

ಇಷ್ಟು ಹೊತ್ತೂ ಪೇಪರಿನ ಹಿಂದೆ ಅಡಗಿ ಎಲ್ಲ ಕೇಳಿಸಿಕೊಳ್ಳುತ್ತಿದ್ದ ನಮ್ಮ ಯಜಮಾನರು ಆಗ ಬಾಯಿಬಿಟ್ಟರು. ಅವರು ದೂರವಾಣಿ ಇಲಾಖೆಯಲ್ಲಿ ಸವೆದವರು. ಪ್ರಪಂಚದ ಯಾವ ಸಮಸ್ಯೆಯನ್ನೂ ಎಸ್‌ಟಿಡಿ ದರಪಟ್ಟಿಯಿಂದ ಬಿಡಿಸಬಹುದು ಎಂದು ನಂಬಿದವರು.

‘ನೋಡಮ್ಮ, ಆಗ ಹಗಲು ಪೂರ್ತಿ ದರ. ಸಂಜೆ ಆದಮೇಲೆ ಕಮ್ಮಿ ಆಗ್ತಾ ಹೋಗೋದು. ರಾತ್ರಿ ಹನ್ನೊಂದಾದ ಮೇಲೆ ಕಾಲು ದರ. ಅದಕ್ಕೇ ಹನ್ನೊಂದಕ್ಕೆ ಸರಿಯಾಗಿ ಬೂತಿನ ಮುಂದೆ ಕ್ಯೂ. ಹಾಸ್ಟೆಲ್ ಹುಡುಗರು, ಮಿಲಿಟರಿಯವರು, ಮಗಳನ್ನು ದೂರ ಕೊಟ್ಟ ಅಪ್ಪಂದಿರು. ಮೀಟರಿನ ಕೆಂಪು ಅಂಕಿ ಓಡೋದನ್ನೇ ನೋಡ್ತಾ ಮಾತಾಡೋರು. ಅವರು ರಾತ್ರಿ ಫೋನ್ ಮಾಡ್ತಿದ್ದದ್ದು ದುಡ್ಡು ಉಳಿಸೋಕೆ. ಅಷ್ಟಾದ್ರೂ ಚಳೀಲಿ ಬಂದು ನಿಲ್ತಿದ್ರು. ಈಗ ಮೆಸೇಜಿಗೆ ದುಡ್ಡೇ ಇಲ್ಲ, ಹಗಲೂ ಒಂದೇ ರಾತ್ರೀನೂ ಒಂದೇ. ಹಾಗಿದ್ದೂ ಅವನು ಕಾಲು ದರದ ಹೊತ್ತಿಗೇ ಬರ್ತಾನೆ ಅಂದ್ರೆ, ಏನನ್ನೋ ಉಳಿಸ್ತಿದಾನೆ ಅಂತ ಆಯ್ತಲ್ಲ. ಅದೇನು ನೋಡು.’

ಮದುವೆಯಾಗಿ ಇಷ್ಟು ವರ್ಷದಲ್ಲಿ ಅವರು ಆಡಿದ ಮಾತುಗಳಲ್ಲಿ ಇದನ್ನು ಫ್ರೇಮು ಹಾಕಿಸಬಹುದು. ನಿಜ, ಹಗಲಿನಲ್ಲಿ ಒಬ್ಬರಿಗೆ ಸಮಯ ಕೊಡಬೇಕೆಂದರೆ ಪೂರ್ತಿ ದರ. ಮೀಟಿಂಗಿನ ಮಧ್ಯೆ ಎದ್ದು ಬರಬೇಕು, ಗೆಳೆಯರ ಗುಂಪಿನಿಂದ ಪಕ್ಕಕ್ಕೆ ಸರಿಯಬೇಕು, ಶನಿವಾರ ಮಧ್ಯಾಹ್ನದ ನಿದ್ದೆ ಬಿಡಬೇಕು, ಎಲ್ಲಕ್ಕಿಂತ ದುಬಾರಿ ಎಂದರೆ ಯಾರಾದರೂ ನೋಡಬಹುದು. ಹನ್ನೊಂದೂಮುಕ್ಕಾಲಿಗೆ ಈ ಯಾವ ಖರ್ಚೂ ಇಲ್ಲ. ಆ ಹೊತ್ತು ಹೇಗೂ ಅವನ ಕೈಯಲ್ಲಿ ವ್ಯರ್ಥವಾಗಿಯೇ ಬಿದ್ದಿತ್ತು. ಬೇರೆ ಯಾರಿಗೂ ಬೇಡದ ಹೊತ್ತನ್ನು ಇವಳಿಗೆ ಕೊಟ್ಟ. ಅವನ ಭಾವನೆ ಸುಳ್ಳು ಅಂತ ನಾನು ಹೇಳುವುದಿಲ್ಲ. ಆ ಹೊತ್ತಿಗೆ ಅವನಿಗೆ ನಿಜವಾಗಿಯೂ ಖಾಲಿ ಅನ್ನಿಸಿರುತ್ತದೆ, ನಿಜವಾಗಿಯೂ ಗಂಟಲುಬ್ಬಿ ಬಂದಿರುತ್ತದೆ. ಆದರೆ ಆ ಖಾಲಿತನ ಹೊತ್ತಿನದು, ಅದಕ್ಕೆ ಇವಳ ಹೆಸರು ಅಂಟಿಸಿದ್ದಾನೆ ಅಷ್ಟೆ. ಕಾಂಟ್ಯಾಕ್ಟ್ ಪಟ್ಟಿಯಲ್ಲಿ ಇವಳ ಹಿಂದೋ ಮುಂದೋ ಇರುವ ಇನ್ನೊಂದು ಹೆಸರು ಅಂಟಿಸಿದ್ದರೂ ಅದು ಅಲ್ಲಿಗೆ ಚೆನ್ನಾಗಿಯೇ ಕೂರುತ್ತಿತ್ತು. ನಿಜವಾದ ಹಂಬಲಕ್ಕೂ ಇದಕ್ಕೂ ಇರುವ ವ್ಯತ್ಯಾಸ ರಾತ್ರಿ ಗೊತ್ತಾಗುವುದಿಲ್ಲ, ಬೆಳಗಿನ ತಿಂಡಿ ಹೊತ್ತಿಗೆ ಗೊತ್ತಾಗುತ್ತದೆ. ಹಂಬಲವಾದರೆ ಎದ್ದಮೇಲೂ ಇರುತ್ತದೆ. ಉಪ್ಪಿಟ್ಟಿನ ಮುಂದೆ ಕೂತಾಗ ‘ರಾತ್ರಿ ಏನೋ ಬರೆದಿದ್ದಳಲ್ಲ, ಓದದೆ ಮಲಗಿಬಿಟ್ಟೆ’ ಎಂದು ಚುಚ್ಚುತ್ತದೆ.

ಇಷ್ಟು ಹೊತ್ತಿಗೆ ಅವರೇಕಾಯಿ ಮುಗಿದು ಹುಡುಗಿಯೇ ಪತ್ತೇದಾರಿ ಶುರುಮಾಡಿದ್ದಳು. ಫೋನಿನಲ್ಲಿ ಹಿಂದಕ್ಕೆ ಹಿಂದಕ್ಕೆ ಹೋಗುತ್ತಾ, ‘ಅಯ್ಯೋ ಅತ್ತೆ, ಏಪ್ರಿಲ್ ನೋಡಿ!’ ಅಂದಳು. ಏಪ್ರಿಲಿನಲ್ಲಿ ಮೆಸೇಜುಗಳು ಬರುವ ದಿನಗಳಿಗೂ ಐಪಿಎಲ್ಲಿಗೂ ಒಂದು ನಂಟು. ಸಂಜೆ ಏಳೂವರೆಗೆ ಶುರುವಾದ ಮ್ಯಾಚು ಮುಗಿಯುವುದು ಸುಮಾರು ಹನ್ನೊಂದೂಕಾಲಿಗೆ. ಆಮೇಲೆ ಬಹುಮಾನ ವಿತರಣೆ, ಕ್ಯಾಪ್ಟನ್ನುಗಳ ಭಾಷಣ. ಅದೆಲ್ಲ ಮುಗಿಸಿ ಟೀವಿ ಆರಿಸಿದ ಮೇಲೆ ಈಯಪ್ಪನ ಎದೆಯಲ್ಲಿ ಪ್ರೇಮ ಮೊಳೆತಿದೆ. ಆರ್‌ಸಿಬಿ ಸೋತ ರಾತ್ರಿಗಳಲ್ಲಿ ನೆನಪು ಇನ್ನೂ ಗಾಢ, ಹೃದಯದ ಚಿಹ್ನೆ ಎರಡು ಹೆಚ್ಚು. ಗೆದ್ದ ರಾತ್ರಿ ಏನೂ ಇಲ್ಲ, ಸ್ಟೇಟಸ್ಸಿನಲ್ಲಿ ಮಾತ್ರ ಸಿಂಹ. ಖುಷಿಯಾದಾಗ ಕರೆದು ಹೇಳಬೇಕು ಅನ್ನಿಸುವವರ ಪಟ್ಟಿಯಲ್ಲಿ ಇವಳಿಲ್ಲ, ಸಪ್ಪಗಾದಾಗ ಸಮಾಧಾನ ಮಾಡುವವರ ಪಟ್ಟಿಯಲ್ಲಿದ್ದಾಳೆ. ಪಾಪ, ಆರ್‌ಸಿಬಿಯ ಬೌಲರುಗಳು ಮಾಡಿದ್ದಕ್ಕೆಲ್ಲ ಬಿಟಿಎಂ ಲೇಔಟಿನಲ್ಲಿ ನಿದ್ದೆಗೆಟ್ಟವಳು ಇವಳು.

ಆದರೆ ಅವಳನ್ನು ನಿಜಕ್ಕೂ ಕೆಣಕಿದ್ದು ಮಳೆಯ ದಿನದ ಮೆಸೇಜು. ಬೆಂಗಳೂರಿನ ಒಂದು ಸಂಜೆಯ ಮಳೆ ಅಂದರೆ ನಿಮಗೆ ಗೊತ್ತಲ್ಲ. ಸಿಲ್ಕ್ ಬೋರ್ಡ್ ಹತ್ತಿರ ರಸ್ತೆ ಎಲ್ಲಿ, ಚರಂಡಿ ಎಲ್ಲಿ ಎಂದು ಗೊತ್ತಾಗದಂತೆ ನೀರು. ಬಸ್ಸು ಅಲುಗಲಿಲ್ಲ. ಇವಳು ಇಳಿದು ಚಪ್ಪಲಿ ಕೈಯಲ್ಲಿ ಹಿಡಿದು, ಪಕ್ಕದಲ್ಲಿ ನಡೆಯುತ್ತಿದ್ದ ಅಪರಿಚಿತ ಹೆಂಗಸಿನ ತೋಳು ಹಿಡಿದು, ಮೊಳಕಾಲುದ್ದ ನೀರಲ್ಲಿ ಪೀಜಿ ಸೇರಿದಾಗ ರಾತ್ರಿ ಒಂಬತ್ತು ದಾಟಿತ್ತು. ಅಷ್ಟರಲ್ಲಿ ಫೋನಿನಲ್ಲಿ ಊರಿಂದ ಅಮ್ಮ, ‘ಎಲ್ಲಿದೀಯಾ?’ ಪೀಜಿ ಆಂಟಿ, ‘ಗೇಟ್ ಹಾಕಲ್ಲ, ನಿಧಾನ ಬಾ’. ಆಫೀಸಿನ ಗೆಳತಿ, ‘ಮನೆ ಸೇರಿದ್ಯಾ?’ ಯಜಮಾನರು ಕೂಡ ತಮ್ಮ ಪದ್ಧತಿಯಂತೆ ಒಂದು ಪದ ಹಾಕಿದ್ದರು, ‘ತಲುಪಿದೆಯಾ’. ಎಲ್ಲರೂ ಕೇಳಿದ್ದು ಒಂದೇ. ಇವನ ಮೆಸೇಜು ಬಂದದ್ದು 11:50ಕ್ಕೆ: ‘ಮಳೆ… ನೀನು ನೆನಪಾದೆ’. ಕೆಳಗೆ ಒಂದು ಛತ್ರಿಯ ಚಿತ್ರ.

‘ಸಂಜೆ ಆರಕ್ಕೆ ನೆನಪಾಗಿದ್ರೆ ಛತ್ರಿ ಉಪಯೋಗಕ್ಕಾದ್ರೂ ಬರ್ತಿತ್ತು ಅತ್ತೆ’ ಅಂದಳು. ಅಂದವಳೇ ನಕ್ಕಳು. ನಗು ಬಂತು ಅಂದಮೇಲೆ ಅರ್ಧ ಜ್ವರ ಇಳಿಯಿತು ಎಂದು ನಾನು ಲೆಕ್ಕ ಹಾಕಿದೆ.

ಇಷ್ಟೆಲ್ಲ ಗೊತ್ತಿದ್ದೂ ಹುಡುಗಿ ಒಂದು ನಿಮಿಷದಲ್ಲಿ ‘ಇಲ್ಲ, ಹೇಳು’ ಎಂದು ಬರೆದಳಲ್ಲ, ಆಗಲೇ ನೆನಪಿಟ್ಟುಕೊಳ್ಳಿ ಅಂದೆನಲ್ಲ, ಅದಕ್ಕೆ ಬರೋಣ. ಬುದ್ಧಿವಂತೆ, ಸಂಬಳದ ಲೆಕ್ಕದಲ್ಲಿ ಒಂದು ರೂಪಾಯಿ ಹೆಚ್ಚುಕಮ್ಮಿ ಆದರೆ ಎಚ್‌ಆರ್‌ನವರನ್ನು ಮಲಗಲು ಬಿಡದವಳು, ಇವನಿಗೆ ಯಾಕೆ ಸೋತಳು? ಇದರಲ್ಲಿ ಅವಳ ತಪ್ಪು ಕಡಿಮೆ. ಅಮೆರಿಕದ ಮನಶ್ಶಾಸ್ತ್ರಜ್ಞ ಬಿ.ಎಫ್. ಸ್ಕಿನ್ನರ್ ಪಾರಿವಾಳಗಳನ್ನು ಇಟ್ಟುಕೊಂಡು ಮಾಡಿದ ಪ್ರಯೋಗಗಳಿವೆ. 1957ರಲ್ಲಿ ಅವನೂ ಫರ್‌ಸ್ಟರ್ ಎಂಬ ಜೊತೆಗಾರನೂ ಸೇರಿ ಆ ಬಗ್ಗೆ ದಪ್ಪ ಪುಸ್ತಕವನ್ನೇ ತಂದರು. ಪಾರಿವಾಳ ಒಂದು ಬಿಲ್ಲೆಯನ್ನು ಕುಕ್ಕಿದರೆ ಕಾಳು ಬೀಳುತ್ತದೆ. ಪ್ರತಿಸಲ ಕುಕ್ಕಿದಾಗಲೂ ಕಾಳು ಬೀಳುವ ಹಾಗಿಟ್ಟು, ಆಮೇಲೆ ಕಾಳು ನಿಲ್ಲಿಸಿದರೆ ಅದು ಬೇಗ ಬೇಸತ್ತು ಬಿಟ್ಟುಬಿಡುತ್ತದೆ. ಆದರೆ ಯಾವಾಗ ಬೀಳುತ್ತದೋ ಹೇಳಲು ಬಾರದಂತೆ, ಒಮ್ಮೆ ಮೂರಕ್ಕೆ, ಒಮ್ಮೆ ಮೂವತ್ತಕ್ಕೆ ಬೀಳುವ ಹಾಗಿಟ್ಟರೆ, ಪಾರಿವಾಳ ಬಿಡದೆ ಕುಕ್ಕುತ್ತಲೇ ಇರುತ್ತದೆ. ಕಾಳು ಪೂರಾ ನಿಂತಮೇಲೂ ಬಹಳ ಹೊತ್ತು ಬಿಡುವುದಿಲ್ಲ.

ಹನ್ನೊಂದೂಮುಕ್ಕಾಲು ದಿನಾ ಬರುತ್ತಿದ್ದರೆ ಹುಡುಗಿ ಒಂದು ತಿಂಗಳಿಗೆ ‘ಇವನದೊಂದು ಗೋಳು’ ಎಂದು ಆಕಳಿಸುತ್ತಿದ್ದಳು. ಬರದೇ ಇದ್ದರೆ ಮರೆಯುತ್ತಿದ್ದಳು. ಇವತ್ತು ಬಂದ, ಮೂರು ದಿನ ಇಲ್ಲ, ಮತ್ತೆ ಎರಡು ದಿನ ಬಂದ, ಹತ್ತು ದಿನ ಪತ್ತೆಯಿಲ್ಲ. ಹನ್ನೊಂದೂವರೆಯಾದರೆ ಸಾಕು, ಇವಳ ಕೈ ತಾನಾಗಿ ಫೋನಿಗೆ ಹೋಗುತ್ತದೆ. ಅವನು ಇದನ್ನು ಲೆಕ್ಕ ಹಾಕಿ ಮಾಡಿದ ಅಂತಲ್ಲ. ಅಷ್ಟು ಬುದ್ಧಿ ಇದ್ದಿದ್ದರೆ ಹಗಲಲ್ಲೇ ಮಾತಾಡುತ್ತಿದ್ದ. ತನಗೆ ಬೇಜಾರಾದಾಗ ಬಂದ, ಇಲ್ಲದಾಗ ಬರಲಿಲ್ಲ. ಅವನ ಬೇಜಾರಿಗೆ ನಿಯಮವಿಲ್ಲ, ಆದ್ದರಿಂದ ಇವಳ ಕಾಯುವಿಕೆಗೆ ಕೊನೆಯಿಲ್ಲ.

‘ಹಾಗಾದ್ರೆ ಬ್ಲಾಕ್ ಮಾಡ್ಲಾ?’ ಅಂದಳು ಹುಡುಗಿ. ಈ ಕಾಲದ ಮಕ್ಕಳಿಗೆ ಎರಡೇ ಗೊತ್ತು, ಒಂದು ಹೃದಯ, ಇನ್ನೊಂದು ಬ್ಲಾಕು. ಬೇಡ ಅಂದೆ. ಬ್ಲಾಕ್ ಮಾಡಿದರೆ ಅವನು ಹೇಗಿದ್ದ ಎಂದು ಗೊತ್ತಾಗದೇ ಉಳಿದುಬಿಡುತ್ತದೆ, ಗೊತ್ತಾಗದ್ದು ಮನಸ್ಸಿನಲ್ಲಿ ಚಂದವಾಗುತ್ತಾ ಹೋಗುತ್ತದೆ. ಹತ್ತು ವರ್ಷ ಬಿಟ್ಟು ಮಳೆ ಬಂದಾಗ ಆ ಛತ್ರಿ ನೆನಪಾಗಿ ಕಣ್ಣಲ್ಲಿ ನೀರು ಬಂದರೆ ಯಾರು ಹೊಣೆ? ಅದಕ್ಕಿಂತ ಹಗಲಿನ ದರ ಕೇಳಿ ನೋಡುವುದು ಒಳ್ಳೆಯದು.

ವಿಧಾನ ಸುಲಭ. ರಾತ್ರಿ ಬಂದದ್ದನ್ನು ರಾತ್ರಿ ತೆಗೆಯಬಾರದು. ಬೆಳಗ್ಗೆ ಹತ್ತಕ್ಕೆ, ಕೋಪ ಕೊಂಕು ಏನೂ ಇಲ್ಲದೆ ಉತ್ತರ ಕೊಡಬೇಕು. ‘ನಿನ್ನೆ ಬೇಗ ಮಲಗಿದ್ದೆ. ಹೇಗಿದ್ದೀಯ?’ ಅಷ್ಟೆ. ಅವನ ಮನಸ್ಸು ನಿಜವಾಗಿಯೂ ಇತ್ತ ಇದ್ದರೆ ಹಗಲಲ್ಲಿ ಒಂದು ಸಾಲು ಬರುತ್ತದೆ, ಊಟದ ಹೊತ್ತಿಗಾದರೂ. ಬಿಡುವಿಲ್ಲದಿದ್ದರೆ ಬಿಡುವಿಲ್ಲ ಅಂತಲಾದರೂ ಬರುತ್ತದೆ. ಹೀಗೆ ಎರಡು ವಾರ ನೋಡು. ಆಮೇಲೆ ಒಂದು ಜಾಗ, ಒಂದು ದಿನ, ಒಂದು ಹೊತ್ತು ಹೇಳು. ‘ಯಾವಾಗಾದ್ರೂ ಸಿಗೋಣ’ ಅನ್ನಬೇಡ, ಅದು ಯಾರಿಗೂ ಬೇಡದ ಮಾತು. ಶನಿವಾರ ಹನ್ನೊಂದು ಗಂಟೆ, ಗಾಂಧಿಬಜಾರು, ಕಾಫಿ. ಬರುತ್ತಾನೋ ಇಲ್ಲವೋ ಅಷ್ಟೇ ಅಲ್ಲ, ಬರಲಾಗದಿದ್ದರೆ ತಾನೇ ಇನ್ನೊಂದು ದಿನ ಹೇಳುತ್ತಾನೋ ಇಲ್ಲವೋ ನೋಡು. ಕಷ್ಟ ಇರುವವನು ಬೇರೆ ದಿನ ಹೇಳುತ್ತಾನೆ. ಮನಸ್ಸಿಲ್ಲದವನು ಬರೀ ಕಾರಣ ಹೇಳುತ್ತಾನೆ.

ಮೊದಲ ಎರಡು ವಾರ ನಿರೀಕ್ಷೆಯಂತೆಯೇ ಆಯಿತಂತೆ. ಬೆಳಗ್ಗೆ ಹತ್ತರ ‘ಹೇಗಿದ್ದೀಯ’ಗೆ ಉತ್ತರ ರಾತ್ರಿ 11:55ಕ್ಕೆ. ‘ಈಗ ಫ್ರೀ ಆದೆ. ಮಲಗಿದ್ಯಾ?’ ಇವಳು ಮಲಗಿದ್ದಳು. ಅಥವಾ ಮಲಗಿದ ಹಾಗೆ ಫೋನು ಹಿಡಿದುಕೊಂಡಿದ್ದಳು, ಇರಲಿ. ಶನಿವಾರದ ಕಾಫಿಗೆ, ‘ಈ ವೀಕೆಂಡ್ ಸ್ವಲ್ಪ ಟೈಟ್’. ಬೇರೆ ದಿನ ಹೇಳಲಿಲ್ಲ. ನನ್ನ ತೀರ್ಪು ಸರಿಹೋಯಿತು ಎಂದು ನಾನು ಒಳಗೊಳಗೇ ಬೀಗಿದೆ.

ಆದರೆ ಮುಂದಿನ ಶನಿವಾರ ಮಹಾಶಯ ಬಂದೇಬಿಟ್ಟ! ರಾತ್ರಿ ಹೊತ್ತಿಗೆ ಸಿಗುತ್ತಿದ್ದದ್ದು ಸಿಗದೆ ಚಡಪಡಿಸಿರಬೇಕು. ಹನ್ನೊಂದಕ್ಕೆ ಹೇಳಿದ್ದಕ್ಕೆ ಹನ್ನೊಂದೂಮುಕ್ಕಾಲಿಗೆ ಬಂದನಂತೆ. ಹೆಸರಿಟ್ಟ ನನ್ನ ಬಾಯಿಗೆ ಸಕ್ಕರೆ ಹಾಕಬೇಕು.

ಸಂಜೆ ಹುಡುಗಿ ನೇರ ನಮ್ಮ ಮನೆಗೆ ಬಂದಳು. ನಾನು, ಪೇಪರಿನ ಹಿಂದಿನಿಂದ ಯಜಮಾನರು, ಇಬ್ಬರೂ ಕಿವಿ ನಿಮಿರಿಸಿ ಕೂತೆವು. ಅಳುತ್ತಾಳೋ ಕುಣಿಯುತ್ತಾಳೋ ಗೊತ್ತಿಲ್ಲ. ಅವಳು ಎರಡೂ ಮಾಡದೆ ಅಡುಗೆಮನೆಗೆ ಹೋಗಿ ಡಬ್ಬಿಯಿಂದ ಕೋಡುಬಳೆ ತೆಗೆದು ಕಡಿಯುತ್ತಾ ಬಂದಳು.

‘ಏನಾಯ್ತೇ?’

‘ಏನಿಲ್ಲ ಅತ್ತೆ. ಒಳ್ಳೆ ಹುಡುಗ. ಊಟ ಆಯ್ತಾ ಅಂದ, ಈಗ ತಿಂಡಿ ತಿನ್ನೋಣ ಅಂದೆ. ಮಸಾಲೆದೋಸೆ ತಿಂದ್ವಿ. ಮತ್ತೆ ಅಂದ. ಏನಿಲ್ಲ ಅಂದೆ. ದೋಸೆ ಮುಗಿಯೋದ್ರೊಳಗೆ ಮಾತು ಮುಗೀತು. ಅವನು ಫೋನ್ ನೋಡಿದ, ನಾನೂ ನೋಡಿದೆ. ಕಾಫಿ ಬರೋವರೆಗೂ ಹೇಗೆ ಕಾಲ ಕಳೆಯೋದು ಅಂತ ಯೋಚ್ನೆ ಆಗಿಬಿಡ್ತು.’

‘ರಾತ್ರಿ ಗಂಟೆಗಟ್ಟಲೆ ಮಾತಾಡ್ತಿದ್ರಲ್ಲ?’

‘ಅದೇ ಅತ್ತೆ! ರಾತ್ರಿ ಅವನು ಹ್ಮ್ಮ್ ಅಂದ್ರೆ ಅದರಲ್ಲಿ ಏನೋ ಇದೆ ಅಂತ ನಾನೇ ತುಂಬ್ಕೋತಿದ್ದೆ. ಹಗಲಲ್ಲಿ ಎದುರಿಗೆ ಕೂತು ಹ್ಮ್ಮ್ ಅಂದ್ರೆ ಬರೀ ಹ್ಮ್ಮ್ ಕಣ್ರೀ.’ ಇನ್ನೊಂದು ಕೋಡುಬಳೆ ಎತ್ತಿಕೊಂಡಳು. ‘ಅವನಿಗೆ ನಾನು ಇಷ್ಟಾನಾ ಇಲ್ವಾ ಅಂತ ತಿಂಗಳುಗಟ್ಟಲೆ ತಲೆ ಕೆಡಿಸ್ಕೊಂಡೆನಲ್ಲ, ನಂಗೆ ಅವನು ಇಷ್ಟಾನಾ ಅಂತ ಒಂದಿನಾನೂ ಕೇಳ್ಕೊಂಡಿರ್ಲಿಲ್ಲ ನೋಡಿ.’

ಯಜಮಾನರು ಪೇಪರು ಕೆಳಗಿಳಿಸಿದರು. ‘ಅಂದ್ರೆ ಇವಳೂ ಕಾಲು ದರದ ಗಿರಾಕಿನೇ ಅಂತಾಯ್ತು’ ಅಂದರು.